ಕೆಟಲ್‌ನ ಸುಣ್ಣ ಬೇರೆ, ನಲ್ಲಿಯ ಸುಣ್ಣ ಬೇರೆ: ನಿಂಬೆ ಉಪ್ಪಿನಿಂದ ಎರಡನ್ನೂ ಬಿಡಿಸುವ ಬಗೆ

ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಕೆಟಲ್‌ನ ತಳವೂ ಬಚ್ಚಲಮನೆಯ ನಲ್ಲಿಯೂ ಬೆಳ್ಳಗಾಗುತ್ತವೆ. ನೋಡಲು ಎರಡೂ ಒಂದೇ ಥರ. ಆದರೆ ಕೆಟಲ್‌ನದು ಅರ್ಧ ಗಂಟೆಯಲ್ಲಿ ಕರಗಿಹೋಗುತ್ತದೆ, ನಲ್ಲಿಯದು ಮಾತ್ರ ಎಷ್ಟು ಉಜ್ಜಿದರೂ ಜಪ್ಪಯ್ಯ ಎನ್ನುವುದಿಲ್ಲ. ಕಾರಣ ಇಷ್ಟೇ: ನೀರು ಒಂದೇ ಆದರೂ ಸುಣ್ಣ ಕಟ್ಟುವ ಬಗೆ ಎರಡು.

ಮಳೆನೀರು ಮಣ್ಣು, ಬಂಡೆಗಳ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇಂಥ ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ನಾವು ಸುಣ್ಣ ಎನ್ನುವ ಕ್ಯಾಲ್ಸಿಯಂ ಕಾರ್ಬನೇಟ್ ತಳಕ್ಕೆ ಕೂರುತ್ತದೆ. ಕೆಟಲ್‌ನೊಳಗಿನ ಹಕ್ಕಳೆ ಬಹುಪಾಲು ಇದೇ. ನೀರಿನಲ್ಲಿರುವ ಉಳಿದ ಲವಣಗಳು ಕರಗಿದ ಸ್ಥಿತಿಯಲ್ಲೇ ಇದ್ದು, ನೀವು ನೀರು ಸುರಿದಾಗ ಅದರ ಜೊತೆ ಹೊರಗೆ ಹೋಗುತ್ತವೆ. ನಲ್ಲಿಯ ಮೇಲೆ ಹಾಗಲ್ಲ. ಅಲ್ಲಿ ನಿಂತ ಹನಿ ನಿಂತಲ್ಲೇ ಆರುತ್ತದೆ. ನೀರು ಆವಿಯಾಗಿ, ಅದರಲ್ಲಿದ್ದದ್ದೆಲ್ಲ ಅಲ್ಲೇ ಉಳಿಯುತ್ತದೆ: ಸುಣ್ಣದ ಜೊತೆಗೆ ಜಿಪ್ಸಮ್, ಸ್ವಲ್ಪ ಸಿಲಿಕಾ, ಉಪ್ಪು. ಅದರ ಮೇಲೆ ಸೋಪಿನ ಜಿಡ್ಡು. ಉಪ್ಪು ಬರೀ ನೀರಿಗೇ ಹೋಗುತ್ತದೆ, ಉಳಿದವುಗಳ ಪೈಕಿ ಹುಳಿಗೆ ಚೆನ್ನಾಗಿ ಕರಗುವುದು ಸುಣ್ಣ ಮಾತ್ರ. ಹಾಗಾಗಿ ನಲ್ಲಿಗೆ ಹುಳಿಯೊಂದೇ ಸಾಲದು, ಕೆಟಲ್‌ಗೆ ಹುಳಿ ಬಿಟ್ಟು ಬೇರೇನೂ ಬೇಡ.

ನಿಮ್ಮ ನೀರಿನ ಪರೀಕ್ಷಾ ವರದಿ ಇದ್ದರೆ ‘ಟೋಟಲ್ ಹಾರ್ಡ್‌ನೆಸ್’ ಎಂಬ ಸಾಲನ್ನು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ತನಕ ಒಪ್ಪಬಹುದಾದ ಮಟ್ಟ. ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತದೆ. ಅಂದರೆ ಕುಡಿಯಲು ಯೋಗ್ಯ ಎಂದು ವರದಿ ಬಂದ ನೀರೂ ಕೆಟಲ್‌ನಲ್ಲಿ ದಪ್ಪ ಪದರ ಕಟ್ಟಬಲ್ಲದು.

ಯಾವ ಹುಳಿ, ಎಷ್ಟು

ಒಂದು ಗ್ರಾಂ ಸುಣ್ಣ ಕರಗಿಸಲು ಸುಮಾರು 1.3ರಿಂದ 1.4 ಗ್ರಾಂ ಸಿಟ್ರಿಕ್ ಆ್ಯಸಿಡ್ ಬೇಕು. ಕಿರಾಣಿ ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಕೇಳಿದರೆ ಕೊಡುವ ಬಿಳಿ ಹರಳು ಇದೇ. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮನೆಮದ್ದುಗಳು ಯಾಕೆ ಅರ್ಧಕ್ಕೇ ಸೋಲುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ.

ಒಂದೂವರೆ ಲೀಟರ್‌ನ ಸ್ಟೀಲ್ ಕೆಟಲ್ ಇದೆ, ದಿನಕ್ಕೆ 3 ಲೀಟರ್ ಬೋರ್‌ವೆಲ್ ನೀರು ಕಾಯಿಸುತ್ತೀರಿ ಎಂದುಕೊಳ್ಳೋಣ. ನೀರಿನ ಗಡಸುತನ 400. ಅದರಲ್ಲಿ ಲೀಟರಿಗೆ 100 ಮಿಲಿಗ್ರಾಂ ಮಾತ್ರ ತಳಕ್ಕೆ ಅಂಟಿತು ಎಂದು ಹಿಡಿದರೂ ದಿನಕ್ಕೆ 300 ಮಿಲಿಗ್ರಾಂ, ಒಂದು ತಿಂಗಳಿಗೆ 9 ಗ್ರಾಂ ಆಯಿತು. ಇದನ್ನು ಕರಗಿಸಲು 12ರಿಂದ 13 ಗ್ರಾಂ ನಿಂಬೆ ಉಪ್ಪು ಬೇಕು. ಇದೇ ಕೆಲಸಕ್ಕೆ ಅಂಗಡಿಯ ಬಿಳಿ ವಿನೆಗರ್, ಅಂದರೆ ಶೇಕಡಾ 4ರಷ್ಟು ಅಸಿಟಿಕ್ ಆ್ಯಸಿಡ್ ಇರುವುದು, ಸುಮಾರು 270 ಮಿಲಿಲೀಟರ್ ಬೇಕಾಗುತ್ತದೆ. ನಿಂಬೆಹಣ್ಣನ್ನೇ ಹಿಂಡುವುದಾದರೆ ಒಂದು ಹಣ್ಣಿನ 20 ಮಿಲಿಲೀಟರ್ ರಸದಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ಹುಳಿ ಇರುತ್ತದೆ. ಹಾಗಾಗಿ ಹನ್ನೆರಡು ಹಣ್ಣು ಬೇಕು. ಎರಡು ಹೋಳು ನಿಂಬೆ ಹಾಕಿ ಕುದಿಸಿ, ಹೋಗಲಿಲ್ಲ ಎಂದು ಬೇಸರಪಡುವವರು ಹುಳಿಯ ಆಯ್ಕೆಯಲ್ಲಿ ತಪ್ಪಿಲ್ಲ, ಅಳತೆಯಲ್ಲಿ ತಪ್ಪಿದ್ದಾರೆ.

ಕೊನೆಯ ಪದರದವರೆಗೂ ಹುಳಿ ಚುರುಕಾಗಿರಬೇಕಾದ್ದರಿಂದ ಲೆಕ್ಕಕ್ಕೆ ಸಿಕ್ಕಿದ್ದರ ಎರಡರಷ್ಟು ಹಾಕುವುದು ಒಳ್ಳೆಯದು. ಮೇಲಿನ ಕೆಟಲ್‌ಗೆ 25 ಗ್ರಾಂ. ತಕ್ಕಡಿ ಇಲ್ಲದಿದ್ದರೆ, ಒಂದು ಮಟ್ಟ ಟೀ ಚಮಚದಲ್ಲಿ ಸುಮಾರು 5 ಗ್ರಾಂ ಹಿಡಿಯುತ್ತದೆ, ಐದು ಚಮಚ ಹಾಕಿ.

ಹುಣಸೆಹಣ್ಣಿನ ಮಾತು ಇಲ್ಲಿ ಹೇಳಲೇಬೇಕು. ಹಿತ್ತಾಳೆ ದೀಪ, ತಾಮ್ರದ ಚೊಂಬು ಥಳಥಳಿಸುವಂತೆ ಮಾಡುವ ಹುಣಸೆ ಸುಣ್ಣಕ್ಕೆ ಯಾಕೆ ಆಗಬಾರದು ಎಂದು ಅನ್ನಿಸುವುದು ಸಹಜ. ಹಿತ್ತಾಳೆ, ತಾಮ್ರದ ಮೇಲೆ ತೆಗೆಯಬೇಕಾದದ್ದು ಲೋಹದ ಕಿಲುಬು, ಅದನ್ನು ಹುಣಸೆ ಚೆನ್ನಾಗಿ ತೆಗೆಯುತ್ತದೆ. ಆದರೆ ಹುಣಸೆಯ ಮುಖ್ಯ ಹುಳಿಯಾದ ಟಾರ್ಟಾರಿಕ್ ಆ್ಯಸಿಡ್ ಸುಣ್ಣದೊಂದಿಗೆ ಸೇರಿದರೆ ನೀರಿನಲ್ಲಿ ಸರಿಯಾಗಿ ಕರಗದ ಇನ್ನೊಂದು ಬಿಳಿ ಪುಡಿ ಹುಟ್ಟುತ್ತದೆ. ಅದು ಹಕ್ಕಳೆಯ ಮೇಲೇ ಕೂತು ಕೆಲಸವನ್ನು ನಿಲ್ಲಿಸುತ್ತದೆ. ಹುಣಸೆಯನ್ನು ದೇವರ ಪಾತ್ರೆಗಳಿಗೇ ಇಟ್ಟುಕೊಳ್ಳಿ.

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಹಾಕಿ ಎನ್ನುವ ಸಲಹೆ ಎಲ್ಲೆಲ್ಲೂ ಇದೆ. ಬುಸಬುಸನೆ ನೊರೆ ಏಳುವುದರಿಂದ ಏನೋ ಭಾರಿ ಕೆಲಸ ಆಗುತ್ತಿದೆ ಎನ್ನಿಸುತ್ತದೆ. ಆಗುತ್ತಿರುವುದು ಸೋಡಾ ಮತ್ತು ಹುಳಿ ಒಂದನ್ನೊಂದು ಮುಗಿಸಿಕೊಳ್ಳುವ ಕೆಲಸ. ಸುಣ್ಣ ಕರಗಿಸಬೇಕಾದ ಹುಳಿ ಸೋಡಾದ ಪಾಲಾಗುತ್ತದೆ. ಹೊಟ್ಟೆಯುರಿಗೆ ಕುಡಿಯುವ ಫ್ರೂಟ್ ಸಾಲ್ಟ್ ಪುಡಿಯ ಕಥೆಯೂ ಇದೇ. ಅದರಲ್ಲಿ ಹುಳಿ ಇದ್ದರೂ, ಅದಕ್ಕೆ ಸಾಲುವಷ್ಟು ಸೋಡಾವೂ ಜೊತೆಗೇ ಇರುತ್ತದೆ.

ಕೆಟಲ್

ಮೊದಲು ಕೆಟಲ್‌ನೊಳಗೆ ಬೆಳಕು ಬಿಟ್ಟು ನೋಡಿ. ಸುಣ್ಣ ತಳದಲ್ಲಿ ಮಾತ್ರ ಇದ್ದರೆ ಅರ್ಧ ಲೀಟರ್ ನೀರು ಸಾಕು. ಗೋಡೆಯ ಮೇಲೂ ಗೆರೆ ಕಟ್ಟಿದ್ದರೆ ಆ ಗೆರೆ ಮುಳುಗುವಷ್ಟು ನೀರು ತುಂಬಿ, ಆದರೆ ‘ಮ್ಯಾಕ್ಸ್’ ಗುರುತು ದಾಟಬೇಡಿ. ನೀರು ಹೆಚ್ಚಾದರೆ ನಿಂಬೆ ಉಪ್ಪನ್ನು ಅದೇ ಪ್ರಮಾಣದಲ್ಲಿ ಏರಿಸಬೇಕಿಲ್ಲ. ಹುಳಿಯ ಲೆಕ್ಕ ಸುಣ್ಣದ ತೂಕಕ್ಕೆ, ನೀರಿಗಲ್ಲ. ನೀರು ಹೆಚ್ಚಾದರೆ ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

ನೀರನ್ನು ಬಿಸಿ ಮಾಡಿ, ಆದರೆ ಕುದಿಸಬೇಡಿ. ಕೆಟಲ್ ಸುಂಯ್ ಎಂದು ಸದ್ದು ಮಾಡಲು ಶುರುವಾದ ಸ್ವಲ್ಪ ಹೊತ್ತಿಗೆ ಆರಿಸಿ, ಪ್ಲಗ್ ಕಿತ್ತುಬಿಡಿ. ಬೆರಳು ಅದ್ದಿ ಹಿಡಿಯಲಾಗದಷ್ಟು ಬಿಸಿ, ಅಂದರೆ 60 ಡಿಗ್ರಿಯ ಆಸುಪಾಸು ಇದ್ದರೆ ಸರಿ. ಬೆರಳಿಟ್ಟು ಪರೀಕ್ಷಿಸುವ ಬದಲು, ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದ್ದನ್ನು ಗುರುತಾಗಿ ಇಟ್ಟುಕೊಳ್ಳಿ.

ಈಗ ನಿಂಬೆ ಉಪ್ಪನ್ನು ಒಂದೊಂದೇ ಚಮಚ ಹಾಕಿ. ಒಟ್ಟಿಗೆ ಸುರಿದರೆ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಬಿಡುಗಡೆಯಾಗಿ ಬಿಸಿ ನೊರೆ ಉಕ್ಕಿ ಬಾಯಿಂದ ಹೊರಗೆ ಬರುತ್ತದೆ. ಕೆಟಲ್ ಕೂರುವ ಕರೆಂಟಿನ ಪೀಠದ ಮೇಲೆ ಈ ಕೆಲಸ ಮಾಡಲೇಬಾರದು, ಸಿಂಕಿನಲ್ಲಿಟ್ಟು ಮಾಡಿ. ಮುಚ್ಚಳ ತೆರೆದೇ ಇರಲಿ, ಮುಖ ಅದರ ಮೇಲೆ ಬಾಗಿಸಬೇಡಿ.

ಅರ್ಧ ಗಂಟೆ ಸುಮ್ಮನೆ ಬಿಡಿ. ಮಧ್ಯದಲ್ಲಿ ಒಂದೆರಡು ಸಲ ಕೆಟಲ್ ಅಲುಗಾಡಿಸಿದರೆ ತಳದ ಮೇಲೆ ಹೊಸ ಹುಳಿ ಬಂದು ತಾಗುತ್ತದೆ. ಸದ್ದು, ಗುಳ್ಳೆ ನಿಂತ ಮೇಲೆ ನೀರು ಚೆಲ್ಲಿ ತಳ ನೋಡಿ. ಸುಣ್ಣ ಇನ್ನೂ ಇದ್ದು ಗುಳ್ಳೆ ನಿಂತಿದ್ದರೆ ಹುಳಿ ಮುಗಿದಿದೆ ಎಂದರ್ಥ. ಅದೇ ನೀರನ್ನು ಇನ್ನೂ ಒಂದು ಗಂಟೆ ಬಿಟ್ಟರೆ ಪ್ರಯೋಜನವಿಲ್ಲ. ಹೊಸ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಇನ್ನೊಂದು ಸುತ್ತು ಮಾಡಿ. ಸಡಿಲವಾಗಿ ನಿಂತ ಪದರಗಳನ್ನು ಮೆತ್ತನೆಯ ಸ್ಪಂಜಿನಿಂದ ಒರೆಸಿ ತೆಗೆಯಿರಿ. ಸ್ಟೀಲ್ ಜುಂಗು ಬೇಡ, ಅದು ಮಾಡುವ ಗೀರುಗಳಲ್ಲೇ ಮುಂದಿನ ಸುಣ್ಣ ಬೇಗ ಹಿಡಿಯುತ್ತದೆ.

ಕುದಿಸಬೇಡಿ ಎಂದದ್ದು ಉಕ್ಕುತ್ತದೆ ಎಂಬ ಭಯಕ್ಕಷ್ಟೇ ಅಲ್ಲ. ಸುಣ್ಣ ಮತ್ತು ಸಿಟ್ರಿಕ್ ಆ್ಯಸಿಡ್ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಸಕ್ಕರೆಯಂತಲ್ಲ ಇದು, ನೀರು ಬಿಸಿಯಾದಷ್ಟೂ ಇದು ಕಡಿಮೆ ಕರಗುತ್ತದೆ. ಹುಳಿ ಸಾಕಷ್ಟಿಲ್ಲದೆ ಕುದಿಸುತ್ತಾ ಹೋದರೆ ತಳದಲ್ಲಿ ಹಿಟ್ಟಿನಂಥ ಬಿಳಿ ಪುಡಿ ಕೂರುತ್ತದೆ. ಅದನ್ನು ಕಂಡು ಸುಣ್ಣವೇ ಇನ್ನೂ ಹೋಗಿಲ್ಲ ಎಂದುಕೊಂಡು ಮತ್ತೆ ಕುದಿಸಿದರೆ ಪುಡಿ ಇನ್ನಷ್ಟು ಗಟ್ಟಿಯಾಗುತ್ತದೆ. ಗುರುತಿಸುವುದು ಸುಲಭ: ಹೊಸ ಹುಳಿ ನೀರು ಬಿಟ್ಟರೆ ಈ ಪುಡಿಯಿಂದ ಗುಳ್ಳೆ ಏಳುವುದಿಲ್ಲ. ಹಾಗಿದ್ದರೆ ತಣ್ಣೀರಿನಲ್ಲೇ ಎರಡು ಚಮಚ ನಿಂಬೆ ಉಪ್ಪು ಕರಗಿಸಿ ಒಂದು ಗಂಟೆ ನಿಲ್ಲಿಸಿ, ಆಮೇಲೆ ಸ್ಪಂಜಿನಿಂದ ಒರೆಸಿ.

ಕೆಟಲ್‌ನ ಬಾಯಲ್ಲಿರುವ ಜಾಲರಿಯನ್ನು ಮರೆಯಬೇಡಿ. ಹೆಚ್ಚಿನ ಕೆಟಲ್‌ಗಳಲ್ಲಿ ಅದು ಮೇಲಕ್ಕೆ ಎಳೆದರೆ ಬರುತ್ತದೆ. ಬಿಡಿಸಿ ಅದೇ ಹುಳಿ ನೀರಿನಲ್ಲಿ ಮುಳುಗಿಸಿಡಿ. ಕೆಟಲನ್ನೇ ನೀರಿನಲ್ಲಿ ಮುಳುಗಿಸುವುದಾಗಲಿ, ಅಡಿಯ ಕರೆಂಟ್ ಸಂಪರ್ಕಕ್ಕೆ ನೀರು ತಾಗಿಸುವುದಾಗಲಿ ಕೂಡದು.

ಕೊನೆಗೆ ಎರಡು ಸಲ ತೊಳೆದು, ಕೆಟಲ್ ತುಂಬ ಬರೀ ನೀರು ಕುದಿಸಿ ಚೆಲ್ಲಿ. ಆಮೇಲೆ ಕುದಿಸಿದ ನೀರು ಒಂದು ಗುಟುಕು ಕುಡಿದು ನೋಡಿ. ಹುಳಿ ನಾಲಿಗೆಗೆ ತಗುಲಿದರೆ ಇನ್ನೊಂದು ಸಲ ಕುದಿಸಿ ಚೆಲ್ಲಿ. ವಿನೆಗರ್ ಬಳಸಿದ್ದರೆ ವಾಸನೆ ಹೋಗಲು ಎರಡು ಮೂರು ಸಲ ಬೇಕಾಗುತ್ತದೆ. ಕೆಟಲ್‌ಗೆ ನಿಂಬೆ ಉಪ್ಪೇ ಲೇಸು ಎನ್ನಲು ಇದೂ ಒಂದು ಕಾರಣ. ನಾಳೆ ಬೆಳಗಿನ ಚಹಾದಲ್ಲಿ ಉಪ್ಪಿನಕಾಯಿಯ ಘಾಟು ಯಾರಿಗೂ ಬೇಡ.

ಸುಣ್ಣ ಹೋದ ಮೇಲೆ ಸ್ಟೀಲಿನ ತಳದಲ್ಲಿ ನೀಲಿ, ಹಳದಿ, ನೇರಳೆ ಬಣ್ಣದ ಛಾಯೆ ಕಂಡರೆ ಹೆದರಬೇಡಿ. ಅದು ಬಿಸಿಯಿಂದ, ಖನಿಜದ ತೆಳು ಪೊರೆಯಿಂದ ಬರುವ ಬಣ್ಣ, ತೊಂದರೆಯಿಲ್ಲ. ಕಂದು ಚುಕ್ಕೆಗಳಿದ್ದು, ಉಗುರಿನಿಂದ ಸವರಿದಾಗ ಸಣ್ಣ ಗುಳಿ ತಾಗಿದರೆ ಮಾತ್ರ ಸ್ಟೀಲ್ ತುಕ್ಕು ಹಿಡಿದಿದೆ ಎಂದು ತಿಳಿದು ಕೆಟಲ್ ಬದಲಿಸಿ.

ಕೆಟಲ್ ಮೊದಲಿಗಿಂತ ಜೋರಾಗಿ ಸದ್ದು ಮಾಡುತ್ತಿದ್ದರೆ ಅಥವಾ ನೀರು ಕುದಿಯುವ ಮುಂಚೆಯೇ ಆರಿಹೋಗುತ್ತಿದ್ದರೆ ಸುಣ್ಣದ ಕಡೆ ಮೊದಲು ನೋಡಬೇಕು. ದಪ್ಪ ಪದರ ತಳದ ಬಿಸಿಯನ್ನು ನೀರಿಗೆ ಬಿಡುವುದಿಲ್ಲ. ತಳ ಅತಿಯಾಗಿ ಕಾದು, ಒಳಗಿನ ಥರ್ಮೋಸ್ಟಾಟ್ ಕೆಟಲನ್ನು ನಿಲ್ಲಿಸುತ್ತದೆ. ರಿಪೇರಿಗೆ ಕೊಡುವ ಮೊದಲು ಒಂದು ಸಲ ಸುಣ್ಣ ತೆಗೆದು ನೋಡಿ.

ಸ್ನಾನದ ನೀರಿಗೆ ಬಕೆಟ್‌ನಲ್ಲಿ ಇಡುವ ಹೀಟರ್ ಕಾಯಿಲ್‌ಗೂ ಇದೇ ಹದ. ಪ್ಲಗ್ ಕಿತ್ತು, ಕಾಯಿಲ್ ಪೂರ್ತಿ ತಣ್ಣಗಾದ ಮೇಲೆ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸುರುಳಿಯಷ್ಟೇ ಮುಳುಗುವಂತೆ ಬಿಸಿನೀರು ಹಾಕಿ ಲೀಟರಿಗೆ 30 ಗ್ರಾಂ ನಿಂಬೆ ಉಪ್ಪು ಕರಗಿಸಿ. ಹಿಡಿಯ ಹತ್ತಿರ ನೀರು ಹೋಗಬಾರದು.

ಅಲ್ಯೂಮಿನಿಯಂ ಪಾತ್ರೆಗೂ ಕಲಾಯಿ ಹಾಕಿದ ಹಿತ್ತಾಳೆ ಹಂಡೆಗೂ ಈ ಲೇಖನದ ಅಳತೆ ಹೊಂದುವುದಿಲ್ಲ. ಹುಳಿ ಅಲ್ಯೂಮಿನಿಯಮನ್ನೂ ಕಲಾಯಿಯ ತವರವನ್ನೂ ತಿನ್ನುತ್ತದೆ.

ನಲ್ಲಿ: ಮೊದಲು ಪರೀಕ್ಷೆ

ನಲ್ಲಿಯ ವಿಷಯದಲ್ಲಿ ಹೆಚ್ಚಿನವರು ನೇರವಾಗಿ ಹುಳಿ ಹಚ್ಚುತ್ತಾರೆ. ಅದಕ್ಕೂ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಬಿಸಿನೀರು, ಬಟ್ಟೆ ತೆಗೆದುಕೊಂಡು ನಲ್ಲಿಯನ್ನು ತೊಳೆಯಬೇಕು. ಮೈಸೋಪು ಗಡಸು ನೀರಿನೊಂದಿಗೆ ಸೇರಿ ಜಿಗುಟಾದ ಬೂದು ಜಿಡ್ಡಾಗುತ್ತದೆ. ಅದು ಸುಣ್ಣದ ಮೇಲೆ ಎಣ್ಣೆಯ ಹೊದಿಕೆಯಂತೆ ಕೂತಿರುತ್ತದೆ. ಹುಳಿ ಅದರ ಮೇಲೆ ಜಾರಿಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ.

ಜಿಡ್ಡು ಹೋದ ಮೇಲೆ ನಲ್ಲಿಯನ್ನು ಒರೆಸಿ. ಒಂದು ಬಟ್ಟಲಿನಲ್ಲಿ ನಾಲ್ಕು ಚಮಚ ನೀರಿಗೆ ಅರ್ಧ ಚಮಚ ನಿಂಬೆ ಉಪ್ಪು ಕಲಸಿ, ಹಕ್ಕಳೆಯ ಮೇಲೆ ಒಂದು ಹನಿ ಬಿಡಿ. ಮೊಬೈಲ್ ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಅದು ಸುಣ್ಣ, ಹುಳಿಯಿಂದಲೇ ಹೋಗುತ್ತದೆ. ಗುಳ್ಳೆ ಕಷ್ಟಪಟ್ಟು ಒಂದೆರಡು ಎದ್ದು ನಿಂತರೆ ಜಿಪ್ಸಮ್ಮೋ ಸಿಲಿಕಾವೋ ಬೆರೆತಿದೆ. ಅಲ್ಲಿ ಹುಳಿ ನಡುನಡುವಿನ ಸುಣ್ಣವನ್ನು ಕರಗಿಸಿ ಉಳಿದದ್ದನ್ನು ಸಡಿಲ ಮಾಡುತ್ತದೆ, ಮಿಕ್ಕಿದ್ದು ಕೈಯಿಂದ ಆಗಬೇಕು. ಗುಳ್ಳೆಯೇ ಇಲ್ಲ, ಬಣ್ಣ ಹಸಿರು ನೀಲಿ ಎಂದಾದರೆ ಅದು ಸುಣ್ಣವಲ್ಲ. ಮೇಲಿನ ಲೇಪ ಹೋಗಿ ಒಳಗಿನ ಹಿತ್ತಾಳೆ ಕಿಲುಬುತ್ತಿದೆ. ಹುಳಿ ಹಾಕಿದರೆ ಹೆಚ್ಚು ಕೆಡುತ್ತದೆ, ಬಿಟ್ಟುಬಿಡಿ.

ಹೊಳೆಯುವ ನಲ್ಲಿಯ ಮೇಲಿರುವ ಕ್ರೋಮ್ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಅದರ ಕೆಳಗೆ ನಿಕಲ್, ಅದರ ಕೆಳಗೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್. ನಿಂಬೆ ಉಪ್ಪು, ವಿನೆಗರ್ ಅರ್ಧ ಗಂಟೆ ತಾಗಿದರೆ ಈ ಪದರಕ್ಕೆ ಏನೂ ಆಗುವುದಿಲ್ಲ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ ಸುಣ್ಣವನ್ನು ಕ್ಷಣದಲ್ಲಿ ತಿನ್ನುತ್ತದೆ ನಿಜ, ಆದರೆ ಕ್ರೋಮನ್ನೂ ತಿನ್ನುತ್ತದೆ. ಹಾಗೆ ಮಾಡಿದ ನಲ್ಲಿ ಒಂದೆರಡು ದಿನ ಹೊಳೆದು, ಆಮೇಲೆ ಮಂಕಾಗಿ, ಒರಟಾದ ಮೈಮೇಲೆ ಮೊದಲಿಗಿಂತ ಬೇಗ ಸುಣ್ಣ ಹಿಡಿಯುತ್ತದೆ. ಕಪ್ಪು, ಚಿನ್ನದ, ತಾಮ್ರದ ಬಣ್ಣದ ನಲ್ಲಿಗಳಿಗೆ ಹುಳಿಯನ್ನು ಅರ್ಧಕ್ಕೆ ಇಳಿಸಿ, ಕಾಣದ ಮೂಲೆಯಲ್ಲಿ ಐದು ನಿಮಿಷ ಹಚ್ಚಿ ನೋಡಿ ಮುಂದುವರಿಯಿರಿ.

ಒಂದು ಎಚ್ಚರಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಮೀರಬೇಡಿ. ಯಾವುದೇ ಹುಳಿಯನ್ನು ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಜೊತೆ ಸೇರಿಸಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಪುಟ್ಟ ಬಚ್ಚಲಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ. ಬೆಳಿಗ್ಗೆ ಬ್ಲೀಚ್‌ನಿಂದ ನೆಲ ತೊಳೆದಿದ್ದರೆ ಚೆನ್ನಾಗಿ ನೀರು ಹೊಯ್ದು, ಸುಣ್ಣದ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ನೆಲವನ್ನೂ ನೋಡಿಕೊಳ್ಳಿ. ಶಹಾಬಾದ್ ಕಲ್ಲು, ಕಡಪ ಕಲ್ಲು, ಕೋಟಾ ಕಲ್ಲು ಮೂರೂ ಸುಣ್ಣದ ಕಲ್ಲುಗಳೇ, ಅಮೃತಶಿಲೆಯೂ ಅದೇ ಜಾತಿ. ನಲ್ಲಿಯ ಸುಣ್ಣ ಕರಗಿಸುವ ಹನಿ ಕೆಳಗೆ ಬಿದ್ದರೆ ಆ ಕಲ್ಲನ್ನೂ ಕರಗಿಸುತ್ತದೆ, ಹೊಳಪು ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಆ ಮಚ್ಚೆ ಕಲೆಯಲ್ಲ, ಪಾಲಿಶ್ ಹೋದ ಜಾಗ. ತೊಳೆದರೆ ಹೋಗುವುದಿಲ್ಲ. ನಲ್ಲಿಯ ಕೆಳಗೆ ಅಂಥ ಕಲ್ಲಿದ್ದರೆ ಮಗ್ ಹಿಡಿದು ಅಥವಾ ಪ್ಲಾಸ್ಟಿಕ್ ಹಾಸಿ ಕೆಲಸ ಮಾಡಿ. ಗ್ರಾನೈಟ್, ಸಿರಾಮಿಕ್ ಟೈಲ್ ಆದರೆ ಅಷ್ಟು ಚಿಂತೆಯಿಲ್ಲ.

ಬಟ್ಟೆ ಸುತ್ತುವ ವಿಧಾನ, ಅದು ಸೋಲುವ ಕಾರಣ

ಒಂದು ಲೋಟ, ಅಂದರೆ 200 ಮಿಲಿಲೀಟರ್ ಬಿಸಿನೀರಿಗೆ ಎರಡು ಮಟ್ಟ ಚಮಚ ನಿಂಬೆ ಉಪ್ಪು ಕರಗಿಸಿ. ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನು, ಹಳೆ ಪಂಚೆಯ ತುಂಡಾದರೆ ತುಂಬ ಚೆನ್ನ, ಅದರಲ್ಲಿ ಅದ್ದಿ, ಹಿಂಡದೆ, ಸುಣ್ಣ ಕಟ್ಟಿದ ಕಡೆ ಒತ್ತಿ ಸುತ್ತಿ. ಬಟ್ಟೆ ಮೈಗೆ ಅಂಟಿ ಕೂರಬೇಕು, ನಡುವೆ ಗಾಳಿ ಇದ್ದ ಜಾಗದಲ್ಲಿ ಸುಣ್ಣ ಹಾಗೇ ಉಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ.

ಇಲ್ಲಿ ಮತ್ತೆ ಲೆಕ್ಕಕ್ಕೆ ಬರೋಣ. ಅಂಥ ಒಂದು ಪಟ್ಟಿ ಬಟ್ಟೆ ಹೀರಿ ಹಿಡಿಯುವುದು ಹೆಚ್ಚೆಂದರೆ 30 ಮಿಲಿಲೀಟರ್. ಅದರಲ್ಲಿರುವ ನಿಂಬೆ ಉಪ್ಪು ಒಂದೂವರೆ ಗ್ರಾಂ, ಅದು ಕರಗಿಸಬಲ್ಲ ಸುಣ್ಣ ಸುಮಾರು ಒಂದು ಗ್ರಾಂ. ವರ್ಷಗಟ್ಟಲೆ ಕಟ್ಟಿದ ನಲ್ಲಿಯ ಬುಡದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಹಾಗಾಗಿ ಒಮ್ಮೆ ಸುತ್ತಿ ರಾತ್ರಿಯಿಡೀ ಬಿಡುವುದರಿಂದ ಏನೂ ಸಿಗುವುದಿಲ್ಲ. ಮೊದಲ ಇಪ್ಪತ್ತು ನಿಮಿಷದಲ್ಲಿ ಹುಳಿ ಮುಗಿದು, ಉಳಿದ ಹೊತ್ತೆಲ್ಲ ಒದ್ದೆ ಬಟ್ಟೆ ಸುಮ್ಮನೆ ಕೂತಿರುತ್ತದೆ. ಎಲ್ಲೋ ಕ್ರೋಮ್ ಬಿರುಕು ಬಿಟ್ಟ ಕಡೆ ಮಾತ್ರ ಒಳಗಿನ ಲೋಹ ಕಿಲುಬಲು ಸಮಯ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬಟ್ಟೆ ಬಿಚ್ಚಿ, ಚೆನ್ನಾಗಿ ಹಿಂಡಿ, ಹೊಸದಾಗಿ ಅದ್ದಿ ಸುತ್ತಿ. ಹೀಗೆ ಮೂರು ಸಲ ಮಾಡಿದ್ದು ರಾತ್ರಿಯಿಡೀ ಬಿಟ್ಟದ್ದಕ್ಕಿಂತ ಹೆಚ್ಚು ತೆಗೆಯುತ್ತದೆ.

ಪ್ರತಿ ಸುತ್ತಿನ ಮಧ್ಯೆ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ನೀರು ಹೊಯ್ದು, ಕ್ರೋಮ್ ಹೇಗಿದೆ ನೋಡಿ. ಸಡಿಲವಾದ ದಪ್ಪ ತುಂಡುಗಳನ್ನು ಐಸ್‌ಕ್ರೀಮ್ ಕಡ್ಡಿ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿ. ಚಾಕು, ಬ್ಲೇಡ್, ಸ್ಟೀಲ್ ಜುಂಗು ಬೇಡ. ಮೂರು ಸುತ್ತಿನ ಮೇಲೂ ಗುಳ್ಳೆ ಬಾರದ ಬಿಳಿ ಮಸುಕು ಉಳಿದರೆ ಅದು ಹುಳಿಗೆ ಬಗ್ಗದ ಭಾಗ. ಈಗ ಅಡುಗೆ ಸೋಡಾದ ಸರದಿ. ಹುಳಿಯನ್ನು ಪೂರ್ತಿ ತೊಳೆದ ಮೇಲೆ, ಸೋಡಾವನ್ನು ಎರಡು ಹನಿ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆಯಿಂದ ಹಗುರವಾಗಿ ತಿಕ್ಕಿ. ಇಲ್ಲಿ ಸೋಡಾ ಮಾಡುವುದು ಮೆತ್ತನೆಯ ಪುಡಿಯಾಗಿ ಉಜ್ಜುವ ಕೆಲಸ. ಅದು ಕ್ರೋಮ್‌ಗಿಂತ ಎಷ್ಟೋ ಮೆದು, ಗೀರುವುದಿಲ್ಲ. ಸಿಲಿಕಾ ಹೆಚ್ಚಿರುವ ನೀರಿನಲ್ಲಿ ಇಷ್ಟಾದ ಮೇಲೂ ತೆಳುವಾದ ಮಸುಕು ಉಳಿಯಬಹುದು. ಮನೆಯ ಸಾಮಾನಿನಿಂದ ಅದಕ್ಕಿಂತ ಮುಂದೆ ಹೋಗಲಾಗದು, ಜೋರು ಮಾಡಿದರೆ ಕ್ರೋಮೇ ಹೋಗುತ್ತದೆ.

ನಲ್ಲಿಯ ಬಾಯಿಯ ಜಾಲರಿ

ನೀರು ಓರೆಯಾಗಿ ಚಿಮ್ಮುತ್ತಿದ್ದರೆ, ಧಾರೆ ಸಣ್ಣದಾಗಿದ್ದರೆ ಸುಣ್ಣ ನಲ್ಲಿಯ ಬಾಯಿಯ ಏರೇಟರ್‌ನಲ್ಲಿ ಸಿಕ್ಕಿಕೊಂಡಿದೆ. ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿ, ಸಣ್ಣ ಭಾಗಗಳು ಕೆಳಗೆ ಹೋಗದಂತೆ ನೋಡಿಕೊಳ್ಳಿ. ಕೆಳಗಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಕೈಯಿಂದ ತಿರುಗಿಸಿ. ಬರದಿದ್ದರೆ ಬಲ ಹಾಕಬೇಡಿ. ಮೊದಲು ಸಣ್ಣ ಕವರ್‌ನಲ್ಲಿ ಹುಳಿ ನೀರು ತುಂಬಿ, ನಲ್ಲಿಯ ಬಾಯಿ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡ್‌ನಿಂದ ಅರ್ಧ ಗಂಟೆ ಕಟ್ಟಿ. ತಿರುಪಿನ ಗೆರೆಗಳಲ್ಲಿರುವ ಸುಣ್ಣ ಸಡಿಲವಾದ ಮೇಲೆ ದಪ್ಪ ಬಟ್ಟೆ ಸುತ್ತಿ ಕಟಿಂಗ್ ಪ್ಲೇಯರ್‌ನಿಂದ ಹಗುರವಾಗಿ ತಿರುಗಿಸಿ. ಹೊರಗೆ ಹಿಡಿಯಲು ಏನೂ ಕಾಣದ, ಒಳಗೇ ಕೂತ ಏರೇಟರ್ ಆದರೆ ಅದಕ್ಕೆ ಹಲ್ಲುಗಳಿರುವ ಪ್ಲಾಸ್ಟಿಕ್ ಕೀ ಬೇಕು, ಸಾಮಾನ್ಯವಾಗಿ ನಲ್ಲಿಯ ಡಬ್ಬಿಯಲ್ಲಿ ಅದು ಬಂದಿರುತ್ತದೆ.

ಬಿಚ್ಚಿದ ಕೂಡಲೇ ಒಂದು ಫೋಟೋ ತೆಗೆದುಕೊಳ್ಳಿ. ರಬ್ಬರ್ ವಾಷರ್, ಜಾಲರಿ, ಪ್ಲಾಸ್ಟಿಕ್ ಬಿಲ್ಲೆಗಳು ಯಾವ ಕ್ರಮದಲ್ಲಿದ್ದವು ಎಂಬುದು ಮರೆತರೆ ಮತ್ತೆ ಹಾಕಿದಾಗ ಪಕ್ಕದಿಂದ ಸೋರುತ್ತದೆ. ರಬ್ಬರ್ ವಾಷರ್ ಪಕ್ಕಕ್ಕಿಟ್ಟು ಉಳಿದದ್ದನ್ನು ಹುಳಿ ನೀರಿನಲ್ಲಿ ಅರ್ಧ ಗಂಟೆ ಹಾಕಿ, ಟೂತ್‌ಬ್ರಶ್‌ನಿಂದ ಎರಡೂ ಕಡೆ ಉಜ್ಜಿ. ಜಾಲರಿಯಲ್ಲಿ ಮರಳಿನ ಕಣಗಳಿದ್ದರೆ ಅವು ಹುಳಿಗೆ ಕರಗುವುದಿಲ್ಲ, ಹಿಂದಿನಿಂದ ನೀರು ಬಿಟ್ಟು ತೆಗೆಯಿರಿ. ಜಾಲರಿ ಹಾಕುವ ಮೊದಲು ನಲ್ಲಿಯನ್ನು ಹತ್ತು ಸೆಕೆಂಡ್ ಬರೀ ಬಾಯಲ್ಲಿ ಬಿಡಿ, ಒಳಗೆ ಬಿದ್ದ ಹಕ್ಕಳೆ ಹೊರಗೆ ಬರಲಿ. ಮತ್ತೆ ಹಾಕುವಾಗ ಕೈಬಿಗಿ ಸಾಕು.

ಶವರ್‌ಗೂ ಕವರ್ ಕಟ್ಟುವ ವಿಧಾನವೇ. ರಬ್ಬರ್ ತೂತುಗಳಿರುವ ಶವರ್ ಆದರೆ ಹುಳಿಗೂ ಮುಂಚೆ ಹೆಬ್ಬೆರಳಿನಿಂದ ಒಂದೊಂದನ್ನೂ ತಿಕ್ಕಿ ನೋಡಿ, ಅರ್ಧ ಸುಣ್ಣ ಅಲ್ಲೇ ಉದುರುತ್ತದೆ.

ಹಿಡಿಯ ಬುಡದಲ್ಲಿ ಅಥವಾ ಗೋಡೆಗೆ ಸೇರುವ ಕಡೆ ಮಾತ್ರ ಸುಣ್ಣ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಅದು ಸ್ವಚ್ಛತೆಯ ಪ್ರಶ್ನೆಯಲ್ಲ. ಅಲ್ಲಿ ಕಣ್ಣಿಗೆ ಕಾಣದಷ್ಟು ನೀರು ಜಿನುಗುತ್ತಿದೆ. ಸುಣ್ಣ ತೆಗೆದ ಮೇಲೆ ಆ ಜಾಗ ಒರೆಸಿ, ಒಂದು ತುಂಡು ಟಿಶ್ಯೂ ಸುತ್ತಿ, ಒಂದು ಗಂಟೆ ಯಾರೂ ನಲ್ಲಿ ಮುಟ್ಟದಂತೆ ಬಿಡಿ. ಟಿಶ್ಯೂ ಒದ್ದೆಯಾದರೆ ಒಳಗಿನ ವಾಷರ್ ಅಥವಾ ಸ್ಪಿಂಡಲ್ ಬದಲಿಸಬೇಕು. ದಪ್ಪ ಹಕ್ಕಳೆ ಕೆಲವೊಮ್ಮೆ ಸೋರುವ ಕಂಡಿಯನ್ನು ತಾನೇ ಮುಚ್ಚಿಕೊಂಡಿರುತ್ತದೆ. ಅದನ್ನು ತೆಗೆದ ಮೇಲೆ ನಲ್ಲಿ ಸೋರಲು ಶುರುವಾಯಿತು ಎಂದರೆ ಹುಳಿ ಕೆಡಿಸಿದ್ದಲ್ಲ, ಮೊದಲೇ ಕೆಟ್ಟಿದ್ದು ಕಾಣಿಸಿದ್ದು.

ಸುಣ್ಣ ಮತ್ತೆ ಕಟ್ಟದಂತೆ ತಡೆಯಲಾಗದು, ನಿಧಾನ ಮಾಡಬಹುದು. ನಲ್ಲಿಯ ಸುಣ್ಣ ಆರುವ ಹನಿಯಿಂದ ಹುಟ್ಟುವುದರಿಂದ, ಸ್ನಾನ ಮುಗಿಸಿ ಹೊರಡುವಾಗ ನಲ್ಲಿಯನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಕೆಟಲ್‌ನಲ್ಲಿ ಬೇಕಾದಷ್ಟೇ ನೀರು ಕಾಯಿಸಿ, ಉಳಿದದ್ದನ್ನು ರಾತ್ರಿ ಅಲ್ಲೇ ಬಿಡಬೇಡಿ. ಒಂದೇ ನೀರನ್ನು ಮತ್ತೆ ಮತ್ತೆ ಕುದಿಸಿದಷ್ಟೂ ಅದರಲ್ಲಿ ಉಳಿದ ಸುಣ್ಣ ಇಳಿಯುತ್ತಲೇ ಇರುತ್ತದೆ. ತಳದ ಅರ್ಧಭಾಗ ತೆಳ್ಳಗೆ ಬೆಳ್ಳಗಾದಾಗಲೇ ಎರಡು ಚಮಚ ನಿಂಬೆ ಉಪ್ಪು ಹಾಕಿ ತೆಗೆದರೆ ಹತ್ತು ನಿಮಿಷದ ಕೆಲಸ.

ನಿಂಬೆ ಉಪ್ಪನ್ನು ಗಾಳಿಯಾಡದ ಡಬ್ಬಿಯಲ್ಲಿ, ಮೇಲೆ ಹೆಸರು ಬರೆದು ಇಡಿ. ನೋಡಲು ಅದು ಸಕ್ಕರೆಯಂತೆಯೇ ಇರುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡಿ. ಕೆಟಲ್‌ನಿಂದ ಬಸಿದ ನೀರಿನಲ್ಲಿ ಇನ್ನೂ ಹುಳಿ ಉಳಿದಿರುತ್ತದೆ. ಅದನ್ನು ಚೆಲ್ಲುವ ಬದಲು ಬಚ್ಚಲಿನ ಪ್ಲಾಸ್ಟಿಕ್ ಬಕೆಟ್‌ಗೆ ಸುರಿದು, ಮಗ್ ಕೂಡ ಅದರಲ್ಲೇ ಮುಳುಗಿಸಿ. ಒಳಗಿನ ಬಿಳಿ ಗೆರೆ ಸಂಜೆಯ ಹೊತ್ತಿಗೆ ಬೆರಳು ತಾಗಿಸಿದರೆ ಬಿಡುತ್ತದೆ.